ಇನ್ನೊಂದು ಬಸ್ಸುಂಟು

ಅವರು: ನಿನ್ನ ಕವಿತೆ ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಮಗಳಿಗಾಗಿ ಕಾಯೋದು, ಮಳೆ, ಕತ್ತಲು ಎಲ್ಲ ಚೆನ್ನಾಗಿದೆ. ಆದರೆ ಎರಡು ಸಾಲಿಗೊಮ್ಮೆ "ಕಾಯುತ್ತಿದ್ದೇನೆ, ಕಾಯುತ್ತಲೇ ಇದ್ದೇನೆ" ಅಂತ ಬರುತ್ತಲ್ಲ, ಅದು ನನ್ನನ್ನ ಕೊಂದುಹಾಕಿತು.

ಅವಳು: ಕಾಯೋದು ಅಂದ್ರೆ ಹಾಗೇ ಅಲ್ವಾ ಮೇಷ್ಟ್ರೇ? ಬೇಸರ ಬರೋವಷ್ಟು ಸಲ ಅದೇ ಅದೇ. ಓದೋರಿಗೂ ಆ ಬೇಸರ ತಟ್ಟಲಿ ಅಂತಲೇ ಬರೆದೆ.

ಅವರು: ಬೇಸರವನ್ನ ತೋರಿಸೋದು ಬೇರೆ, ಬೇಸರ ಮಾಡೋದು ಬೇರೆ. ಕಾಯುವ ಮನುಷ್ಯನಿಗೆ ಬೇಸರದ ಜೊತೆಗೆ ಇನ್ನೊಂದು ಇರುತ್ತೆ, ಏನೋ ಆಗಲಿದೆ ಅನ್ನೋ ಸೆಳೆತ. ಅವನ ಕಿವಿ ರಸ್ತೆ ಕಡೆಗೇ ಇರುತ್ತೆ. ನಿನ್ನ ಪಲ್ಲವಿಯಲ್ಲಿ ಬೇಸರ ಉಳಿದಿದೆ, ಸೆಳೆತ ಹೋಗಿದೆ. ಕೆಸರಲ್ಲಿ ಹೂತ ಬಸ್ಸಿನ ಹಾಗೆ, ಚಕ್ರ ತಿರುಗುತ್ತೆ, ಗಾಡಿ ಅಲ್ಲೇ ಇರುತ್ತೆ.

ಅವಳು: ಲೋರ್ಕಾ ಮಾಡಿಲ್ವಾ? ಗೂಳಿಕಾಳಗದ ಗೆಳೆಯ ಸತ್ತಾಗ ಬರೆದ ಶೋಕಗೀತೆ, 1935ರದು. ಅದರ ಮೊದಲ ಭಾಗದಲ್ಲಿ ಹೆಚ್ಚುಕಮ್ಮಿ ಸಾಲು ಬಿಟ್ಟು ಸಾಲಿಗೆ ಅದೇ ಮಾತು ಬರುತ್ತೆ. ಅಲ್ಲಿ ಯಾರಿಗೂ ಬೇಸರ ಆಗಲ್ಲ.

ಅವರು: ಅಲ್ಲಿ ಪದೇ ಪದೇ ಬರೋದು ಏನು ನೋಡು. ಸಾವು ಬಂದ ಹೊತ್ತು, ಗಡಿಯಾರದ ಗಂಟೆ. ಸಾಲುಗಳ ನಡುವೆ ಒಂದೊಂದೇ ವಿವರ ಬರ್ತಾ ಹೋಗುತ್ತೆ, ಎಲ್ಲವೂ ಅದೇ ಗಂಟೆಗೆ ಬಂದು ಬಡಿದುಕೊಳ್ಳುತ್ತವೆ. ಆ ಕವಿಗೆ ಕಾಲ ನಿಂತುಹೋಗಿದೆ, ಅದಕ್ಕೇ ಅಷ್ಟು ಒತ್ತೊತ್ತಾಗಿ ಬಡಿಯಬಹುದು. ನಿನ್ನ ಅಪ್ಪನಿಗೆ ಕಾಲ ನಿಂತಿಲ್ಲ. ಒಂದು ಬಸ್ಸು ಬಂತು, ಇನ್ನೊಂದು ಬಂತು, ಕತ್ತಲಾಯ್ತು. ಕಾಲ ನಡೀತಾ ಇದೆ, ಮಗಳು ಮಾತ್ರ ಬಂದಿಲ್ಲ. ಹಾಗಿದ್ದಾಗ ಪಲ್ಲವಿಗೆ ಉಸಿರಾಡಲು ಜಾಗ ಬೇಕು. ಎರಡು ಪಲ್ಲವಿಗಳ ನಡುವೆ ಒಂದು ಬಸ್ಸು ಬಂದು ಹೋಗುವಷ್ಟಾದರೂ.

ಅವಳು: ಅಂದ್ರೆ ದೂರ ದೂರ ಇಟ್ಟರೆ ಸಾಕಾ?

ಅವರು: ಸಾಲದು. ನಿನ್ನ ಪಲ್ಲವಿ ಕವಿತೆಯ ವಿಷಯವನ್ನೇ ಬಾಯಿಬಿಟ್ಟು ಹೇಳುತ್ತೆ. ಮೊದಲ ಸಲ ಕೇಳಿದಾಗಲೇ ಅದರ ಅರ್ಥ ಮುಗಿದುಹೋಯ್ತು. ಎರಡನೇ ಸಲಕ್ಕೆ ಅದರಲ್ಲಿ ತುಂಬೋಕೆ ಏನೂ ಉಳಿದಿಲ್ಲ.

ಅವಳು: ವಿ. ಸೀ. ಅವರ ಶಬರಿ? ಅವಳು ಕಾಯ್ತಿದ್ದಾಳೆ ಅಂತ ಪಲ್ಲವಿಯೇ ಹೇಳುತ್ತಲ್ಲ. ಮನೆಮನೆಯಲ್ಲಿ ಹಾಡ್ತಾರೆ.

ಅವರು: ಒಳ್ಳೇ ಕಡೆ ಹಿಡಿದೆ. ಆದರೆ ಶಬರಿಯ ಕತೆ ಕೇಳುವವನಿಗೆ ರಾಮ ಬಂದೇ ಬರ್ತಾನೆ ಅಂತ ಮೊದಲೇ ಗೊತ್ತು. ಆ ಪಲ್ಲವಿ ತಿರುಗಿ ಬಂದಾಗೆಲ್ಲ ನಮಗೆ ಗೊತ್ತಿರುವ ಕೊನೆ ಒಂದು ಹೆಜ್ಜೆ ಹತ್ತಿರವಾದ ಹಾಗಾಗುತ್ತೆ. ವಿ. ಸೀ. ಅವರಿಗೆ ಇಡೀ ರಾಮಾಯಣ ಬೆನ್ನ ಹಿಂದಿದೆ. ನಿನ್ನ ಬಸ್‌ಸ್ಟ್ಯಾಂಡಿನ ಅಪ್ಪನಿಗೆ ಯಾವ ಪುರಾಣವೂ ಇಲ್ಲ. ಅವನಿಗಿರೋದು ಒಂದು ವೇಳಾಪಟ್ಟಿ ಅಷ್ಟೆ. ನಿನ್ನ ಪಲ್ಲವಿ ಅಲ್ಲಿಂದ ಬರಬೇಕು. ನೀನೇ ಬರೆದಿದ್ದೀಯ, ಮೂರನೇ ಪದ್ಯದ ಮಧ್ಯೆ ಒಂದು ಸಾಲು ಮೂಲೆಯಲ್ಲಿ ಕೂತಿದೆ: "ಇನ್ನೂ ಒಂದು ಬಸ್ಸಿದೆ."

ಅವಳು: ಅದು ಸುಮ್ಮನೆ ವಿವರಕ್ಕೆ ಹಾಕಿದ್ದು.

ಅವರು: ಅದಕ್ಕೇ ಗಟ್ಟಿಯಾಗಿದೆ. ಅದರಲ್ಲಿ ಭಾವ ಅನ್ನೋದೇ ಇಲ್ಲ, ಬರೀ ಮಾಹಿತಿ. ಬೋರ್ಡು ಹೇಳಬಹುದು, ಚಾ ಅಂಗಡಿಯವನು ಹೇಳಬಹುದು, ಕಾಯುವವನು ತನಗೆ ತಾನೇ ಹೇಳಿಕೊಳ್ಳಬಹುದು. ಬೇರೆ ಬೇರೆ ಬಾಯಲ್ಲಿ ಹೇಳಿಸಿ ನೋಡಿದಾಗ ಅದೇ ಮಾತು ಬೇರೆ ಬೇರೆಯಾಗಿ ಕೇಳಿಸಿದರೆ ಅದು ಪಲ್ಲವಿ ಆಗುತ್ತೆ. "ಕಾಯುತ್ತಲೇ ಇದ್ದೇನೆ" ಅನ್ನೋದನ್ನ ಒಬ್ಬನೇ ಹೇಳಬಹುದು, ಒಂದೇ ರೀತಿ ಹೇಳಬಹುದು.

ಅವಳು: ನಡಿಗೆ ಸರಿಹೋಗಲ್ಲ ಅಂತ ಅದನ್ನ ಮೂಲೆಗೆ ಹಾಕಿದ್ದೆ. ಇನ್ನೂ ನಾಲ್ಕು ಮಾತ್ರೆ, ಒಂದು ಮೂರು, ಬಸ್ಸಿದೆ ಮತ್ತೆ ನಾಲ್ಕು. ಓದಿದರೆ ಎಡವುತ್ತೆ.

ಅವರು: ಮನೆಯಲ್ಲಿ ನಿಮ್ಮಪ್ಪ ಹೇಗೆ ಹೇಳ್ತಾರೆ?

ಅವಳು: "ಇನ್ನೊಂದು ಬಸ್ಸುಂಟು ಮಾರಾಯ್ತಿ" ಅಂತಾರೆ.

ಅವರು: ಮಾರಾಯ್ತಿಯನ್ನ ಬಿಡು. ಇನ್ನೊಂದು, ಐದು ಮಾತ್ರೆ. ಬಸ್ಸುಂಟು, ಐದು ಮಾತ್ರೆ. ನಿಮ್ಮಪ್ಪ ಲಲಿತ ರಗಳೆಯ ಗಣದಲ್ಲೇ ಮಾತಾಡ್ತಿದ್ದಾರೆ. ಹೋಗಿ ಇಡೀ ಕವಿತೆಯನ್ನ ಆ ಐದರ ನಡೆಗೆ ತಗೊಂಡು ಬಾ.

*

ಅವಳು: ತಂದಿದ್ದೀನಿ. ಹೆಸರು "ಮಗಳು ಬರುವ ಸಂಜೆ". ಈಗ "ನಾನು" ಇಲ್ಲ, "ಅವನು" ಅಂತ ಮಾಡಿದ್ದೀನಿ. ಮೊದಲ ಎರಡು ಪದ್ಯ ಓದ್ತೀನಿ.

ಐದೂವರೆಯ ಬಸ್ಸು ಇಳಿಸಿ ಹೋಯಿತು ಮೀನು
ಬುಟ್ಟಿ ಎರಡನು, ಒಬ್ಬ ಮೇಷ್ಟರನ್ನು;
ಕಲ್ಲುಬೆಂಚಿನ ಮೇಲೆ ಕೊಡೆ ಮಡಿಸಿ ಕುಳಿತವನು —
ಇನ್ನೊಂದು ಬಸ್ಸುಂಟು.

ಏಳರದು ಬಂದಾಗ ಎದ್ದು ನಿಂತನು ಒಮ್ಮೆ,
ಕಿಟಕಿ ಕಿಟಕಿಯ ಮುಖವ ಎಣಿಸಿಕೊಂಡ;
ಚಾದಂಗಡಿಯ ಹುಡುಗ ಲೋಟ ತೊಳೆಯುತ ಅಂದ —
ಇನ್ನೊಂದು ಬಸ್ಸುಂಟು.

ಅವರು: ಮೀನುಬುಟ್ಟಿ ಜೊತೆಗೆ ಇಳಿದ ಆ ಮೇಷ್ಟರು ನಾನಲ್ಲ ತಾನೆ?

ಅವಳು: ಗಣಕ್ಕೆ ಬೇಕಾಗಿತ್ತು ಮೇಷ್ಟ್ರೇ, ಬಿಟ್ಟುಬಿಡಿ.

ಅವರು: ಸರಿ. ಈಗ ಇದು ನಡೆಯೋಕೆ ಶುರುಮಾಡಿದೆ. ಯಾಕೆ ಅಂತ ನೋಡೋಣ. ಮೊದಲ ಸಾಲಿನಲ್ಲಿ ಐದರ ಗಣ ನಾಲ್ಕು ಪೂರ್ತಿ ಇವೆ. ಎರಡನೇ ಸಾಲು ಮೂರು ಗಣ ನಡೆದು, ನಾಲ್ಕನೆಯದರ ಹೊಸ್ತಿಲಲ್ಲಿ ಒಂದೇ ಅಕ್ಷರ ಇಟ್ಟು ನಿಲ್ಲುತ್ತೆ. ಅಲ್ಲಿ ಕಿವಿಗೆ ಸಣ್ಣ ವಿರಾಮ. ಮೂರನೆಯದು ಮತ್ತೆ ಪೂರ್ತಿ ನಾಲ್ಕು. ಅಷ್ಟು ದೂರ ಓಡಿ ಬಂದು ಪಲ್ಲವಿಯಲ್ಲಿ ಎರಡೇ ಗಣಕ್ಕೆ ನಿಂತುಬಿಡುತ್ತೆ, ಅರ್ಧ ಸಾಲು ಖಾಲಿ. ಬಸ್ಸು ಹೋದ ಮೇಲೆ ಸ್ಟ್ಯಾಂಡಿನಲ್ಲಿ ಉಳಿಯುವ ಹೊತ್ತು ಆ ಖಾಲಿ ಅರ್ಧದಲ್ಲಿದೆ. ಪಲ್ಲವಿಯನ್ನೂ ನಾಲ್ಕು ಗಣ ಮಾಡಿದ್ದರೆ ಅದು ಬರೀ ಇನ್ನೊಂದು ಸಾಲಾಗಿರೋದು.

ಅವಳು: ಆ ಅಡ್ಡಗೆರೆಗಳು ಜಾಸ್ತಿಯಾದವಾ ಅಂತ ಅನುಮಾನ ಇತ್ತು.

ಅವರು: ಗೆರೆ ತೆಗೆದರೂ ನಡೆಯುತ್ತೆ, ಯಾಕಂದ್ರೆ ಕೆಲಸ ಮಾಡ್ತಿರೋದು ಗೆರೆ ಅಲ್ಲ, ವಾಕ್ಯ. "ಕುಳಿತವನು" ಅಂತ ಕರ್ತೃವನ್ನ ಇಟ್ಟೆ, ಕ್ರಿಯಾಪದ ಕೊಡಲಿಲ್ಲ. ವಾಕ್ಯ ಬಾಗಿ ಪಲ್ಲವಿ ಮೇಲೆ ಭಾರ ಹಾಕಿತು. ದಾಸರ ಪದಗಳಲ್ಲಿ ಚರಣದ ಕೊನೆ ಎಷ್ಟೋ ಕಡೆ ಹೀಗೇ ಪಲ್ಲವಿಗೆ ಕೊಂಡಿ ಹಾಕಿಕೊಂಡಿರುತ್ತೆ. ಹಾಡುವವನು ಬೇಕೆಂದರೂ ಚರಣದಲ್ಲಿ ನಿಲ್ಲೋಕಾಗಲ್ಲ, ಪಲ್ಲವಿಗೆ ವಾಪಸ್ ಬರಲೇಬೇಕು. ನೀನು "ಕೊಡೆ ಮಡಿಸಿ ಕುಳಿತುಕೊಂಡನು" ಅಂತ ಮುಗಿಸಿಬಿಟ್ಟಿದ್ದರೆ ಪದ್ಯ ಅಲ್ಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಪಲ್ಲವಿ ಹೊರಗೆ ನಿಂತು ಬಾಗಿಲು ಬಡಿಯಬೇಕಾಗುತ್ತಿತ್ತು. ಪಲ್ಲವಿ ಸತ್ತಿದೆಯೋ ಬದುಕಿದೆಯೋ ಅಂತ ತಿಳಿಯೋಕೆ ಅದನ್ನ ಕೈಯಲ್ಲಿ ಮುಚ್ಚಿ ಓದು. ಮೇಲಿನ ಮೂರು ಸಾಲು ತಮ್ಮಷ್ಟಕ್ಕೆ ನೆಮ್ಮದಿಯಾಗಿದ್ದರೆ ಪಲ್ಲವಿ ಅಲಂಕಾರಕ್ಕೆ ಬಂದಿದೆ ಅಂತ ಅರ್ಥ.

ಅವಳು: ಎರಡನೆಯದರಲ್ಲಿ "ಅಂದ" ಅಂತ ಮುಗಿದಿದೆಯಲ್ಲ.

ಅವರು: ಅಂದದ್ದು ಏನು ಅಂತ ಕಿವಿ ಕೇಳುತ್ತಲ್ಲ, ಅದು ಬೇರೆ ಥರದ ಕೊಂಡಿ. ಬೇರೆ ಬೇರೆ ಇರೋದೇ ಒಳ್ಳೇದು. ಎಲ್ಲ ಪದ್ಯದಲ್ಲೂ "ಅಂದುಕೊಂಡ, ಅಂದುಕೊಂಡ" ಅಂತ ಬಂದಿದ್ದರೆ ಓದುಗ ಆ ತಿರುವಿಗೆ ಮೊದಲೇ ಬ್ರೇಕ್ ಹಾಕಿಬಿಡ್ತಿದ್ದ. ಇನ್ನೂ ಒಂದು ಆಗಿದೆ, ನಿನಗೆ ಗೊತ್ತಿದ್ದು ಮಾಡಿದೆಯೋ ಇಲ್ಲವೋ. ಮೊದಲ ಪದ್ಯದ ಪಲ್ಲವಿಯನ್ನ ಯಾರು ಹೇಳಿದರು ಅಂತ ಇಲ್ಲ. ಬೋರ್ಡಿನಲ್ಲಿ ಬರೆದಿರುವ ಸತ್ಯ ಅದು. ಎರಡನೆಯದು ಹುಡುಗ ಹೇಳಿದ್ದು. ಅಂದ್ರೆ ಈ ಮನುಷ್ಯನ ಮುಖ ನೋಡಿದರೆ ಬೇರೆಯವರಿಗೂ ಗೊತ್ತಾಗೋ ಹಾಗಾಗಿದೆ. ಮಾತು ಅದೇ, ಅವನ ಸ್ಥಿತಿ ಒಂದು ಮೆಟ್ಟಿಲು ಇಳಿಯಿತು.

ಅವಳು: ಅದು ಗೊತ್ತಿದ್ದೇ ಮಾಡಿದ್ದು. "ಕಿಟಕಿ ಕಿಟಕಿಯ" ಮಾತ್ರ ತಾನಾಗಿ ಬಂತು.

ಅವರು: ದ್ವಿರುಕ್ತಿ ನಮ್ಮ ಮಾತಿನಲ್ಲೇ ಇದೆ, ಮನೆಮನೆ, ಊರೂರು ಅಂತೀವಲ್ಲ. ಬಸ್ಸಿನ ಉದ್ದಕ್ಕೂ ಅವನ ಕಣ್ಣು ನಡೆಯೋದು ಆ ಎರಡು ಪದದಲ್ಲೇ ಆಗಿಹೋಗುತ್ತೆ. ಆದರೆ ಒಳಗಿನ ಪುನರುಕ್ತಿ ಹೀಗೆ ಒಂದೆರಡು ಕಡೆ ಮಾತ್ರ ಇರಲಿ. ಸಾಲಿನೊಳಗೂ ಅದೇ, ಸಾಲಿನ ಕೊನೆಗೂ ಅದೇ ಆದರೆ ಪಲ್ಲವಿಯ ಸದ್ದು ಮುಳುಗುತ್ತೆ. ಮುಂದೆ ಓದು.

*

ಅವಳು: ಇಲ್ಲಿ ಒಂದು ಪದ್ಯ ಇದೆ. ಮಗಳು ಚಿಕ್ಕವಳಿದ್ದಾಗ ಇದೇ ಸ್ಟ್ಯಾಂಡಿಗೆ ಶಾಲೆಯಿಂದ ಬರ್ತಿದ್ದಳು, ಅವನು ಕೊಡೆ ಹಿಡಿದು ನಿಂತಿರ್ತಿದ್ದ ಅಂತ. ಅದರ ಕೊನೆಗೂ ಪಲ್ಲವಿ ಬರುತ್ತೆ.

ಅವರು: ತೆಗಿ.

ಅವಳು: ಕೇಳದೇನೇ?

ಅವರು: ಪದ್ಯ ಚೆನ್ನಾಗಿರಬಹುದು. ಇಲ್ಲಿ ಬೇಡ. ಏಳರ ಬಸ್ಸು ಹೋಯಿತು, ಇನ್ನೊಂದು ಉಂಟು ಅಂತ ಹುಡುಗ ಹೇಳಿದ. ಓದುಗನ ಕಣ್ಣು ರಸ್ತೆ ಮೇಲೆ ನೆಟ್ಟಿದೆ. ಆಗ ನೀನು ಅವನ ಕುತ್ತಿಗೆ ಹಿಡಿದು ಹದಿನೈದು ವರ್ಷ ಹಿಂದಕ್ಕೆ ತಿರುಗಿಸ್ತಿದ್ದೀಯ. ಪಲ್ಲವಿ ಮುಂದಕ್ಕೆ ಕೊಟ್ಟ ಮಾತು, ಸ್ಮರಣೆ ಹಿಂದಕ್ಕೆ ಎಳೆಯುತ್ತೆ. ಆ ಪದ್ಯದ ಕೊನೆಯ "ಇನ್ನೊಂದು ಬಸ್ಸುಂಟು" ಯಾವ ಬಸ್ಸು? ಆಗಿನದೋ ಈಗಿನದೋ?

ಅವಳು: ಆಗಲೂ ಈಗಲೂ ಅಂತ.

ಅವರು: ಅದು ಜಾಣತನ ಆಯ್ತು. ಈ ಪಲ್ಲವಿಯ ಶಕ್ತಿ ಎಲ್ಲಿದೆ ಗೊತ್ತಾ? ಮಾತು ಒಂದೇ ಇದ್ದರೂ ಉಳಿದ ಬಸ್ಸುಗಳ ಲೆಕ್ಕ ಕಡಿಮೆ ಆಗ್ತಾ ಹೋಗುತ್ತೆ. ಐದೂವರೆಗೆ "ಇನ್ನೊಂದು" ಅಂದಾಗ ಅದರ ಹಿಂದೆ ಇನ್ನೂ ಕೆಲವು ಇವೆ. ಏಳಕ್ಕೆ ಅಷ್ಟಿಲ್ಲ. ರಾತ್ರಿ ಆದಮೇಲೆ ಇನ್ನೊಂದು ಅಂದರೆ ನಿಜವಾಗಿ ಒಂದೇ. ಓದುಗ ಬೆರಳು ಮಡಚುತ್ತಾನೆ. ವೇಗ ಅಂತ ನಾವು ಹೇಳೋದು ಆ ಲೆಕ್ಕ ಇಳಿಯೋದನ್ನೇ. ಸ್ಮರಣೆಯ ಪದ್ಯದಲ್ಲಿ ಯಾವ ಬಸ್ಸೂ ಕಳೆಯಲ್ಲ, ಅದಕ್ಕೇ ಅಲ್ಲಿ ಪಲ್ಲವಿ ದುಡಿಯದೆ ಕೂಲಿ ತಗೊಂಡ ಹಾಗಾಗುತ್ತೆ.

ಅವಳು: ಆದರೆ ಮಗಳು ಎಲ್ಲಿ ಹೋದಳು? ಪದ್ಯದಲ್ಲಿ ಅವಳ ಹೆಸರೂ ಇಲ್ಲ, ಸುಳಿವೂ ಇಲ್ಲ. ತಲೆಬರಹದಲ್ಲಿ ಮಾತ್ರ ಇದ್ದಾಳೆ. ಅವನ ಪ್ರೀತಿ ಯಾರಿಗಾದರೂ ಹೇಗೆ ತಟ್ಟಬೇಕು?

ಅವರು: ಆ ಪ್ರಶ್ನೆ ನ್ಯಾಯವಾದದ್ದು. ಮುಂದಿನ ಪದ್ಯ ಓದು, ಅಲ್ಲಿ ಏನಾದರೂ ಜಾಗ ಇದೆಯಾ ನೋಡೋಣ.

ಅವಳು:
ಒಂಬತ್ತು. ಮಳೆ ಜೋರು. ಶಟರೆಳೆದ ಅಂಗಡಿಯ
ಜಗಲಿಯಲಿ ಅವನು, ಒಂದೊದ್ದೆ ನಾಯಿ;
ಬಾಲ ಬಡಿಯುವ ನಾಯಿಗವನೆ ಹೇಳಿದ ಮಾತು —
ಇನ್ನೊಂದು ಬಸ್ಸುಂಟು.

ಅವರು: ಹುಡುಗ ಅಂಗಡಿ ಮುಚ್ಚಿ ಹೋದ. ಸಮಾಧಾನ ಹೇಳೋಕೆ ಯಾರೂ ಇಲ್ಲ, ಆದ್ದರಿಂದ ಇವನೇ ನಾಯಿಗೆ ಹೇಳ್ತಾನೆ. ಇದನ್ನ ಮುಟ್ಟಬೇಡ. ನಾಯಿ ಅನ್ನೋ ಪದ ಎರಡನೇ ಸಾಲಿನ ಕೊನೆಗೆ ಬಂದು ಮೂರನೆಯದರಲ್ಲಿ ಮತ್ತೆ ಬಂತಲ್ಲ, ಅದೂ ಸರಿ. ನಮ್ಮ ಹೆಣ್ಣುಮಕ್ಕಳು ತ್ರಿಪದಿ ಹಾಡುವಾಗ ಎರಡನೇ ಸಾಲನ್ನ ತಿರುಗಿಸಿ ಹಾಡ್ತಾರೆ. ಪುಸ್ತಕದಲ್ಲಿ ಅದು ಇರಲ್ಲ, ಮೂರೇ ಸಾಲು ಅಚ್ಚಾಗಿರುತ್ತೆ. ಬೀಸುವ ಕಲ್ಲಿನ ಮುಂದೆ ಕೂತು ಕೇಳಿದರೆ ಮಾತ್ರ ತಿಳಿಯುತ್ತೆ, ಮೂರನೇ ಸಾಲು ಇನ್ನೇನು ಬರಬೇಕು ಅನ್ನುವಾಗ ಎರಡನೆಯದು ಮತ್ತೆ ಬಂದು ಅದನ್ನ ತಡೆಯುತ್ತೆ. ಕೇಳುವವರನ್ನೇ ಕಾಯಿಸೋದು. ಪುನರುಕ್ತಿ ಮುಂದಕ್ಕೆ ತಳ್ಳುತ್ತೆ ಅಂತ ಎಲ್ಲರೂ ಹೇಳ್ತಾರೆ, ತಡೆದು ತಳ್ಳುತ್ತೆ ಅನ್ನೋದು ಸರಿ.

ಅವಳು: ಮೇಷ್ಟ್ರೇ, ಎರಡನೇ ಸಾಲು ಹೀಗಿದ್ದರೆ? "ಜಗಲಿಯಲಿ ಎರಡು ಕೊಡೆ, ಒದ್ದೆ ನಾಯಿ."

ಅವರು: ಜಗಲಿಯಲಿ, ಐದು. ಎರಡು ಕೊಡೆ, ಐದು. ಒದ್ದೆ ನಾ, ಐದು... ಗಣ ಕೂತಿತು. ಎರಡು ಕೊಡೆ! ಒಂದು ಅವನದು, ಒಂದು ಅವಳಿಗೆ ಅಂತ ಮನೆಯಿಂದ ತಂದದ್ದು. ಇಷ್ಟು ಹೊತ್ತು ಅದು ಎಲ್ಲಿತ್ತು?

ಅವಳು: ನೀವು ತೆಗಿ ಅಂದ ಪದ್ಯದಲ್ಲಿತ್ತು. ಆ ಪದ್ಯದ ನಾಲ್ಕು ಸಾಲಿನಲ್ಲಿ ಬೇಕಾಗಿದ್ದದ್ದು ಆ ಕೊಡೆ ಒಂದೇ.

ಅವರು: ಹಾಗಾದರೆ ಆ ಪದ್ಯಕ್ಕೆ ಶ್ರಾದ್ಧ ಮಾಡಿ ಮುಗಿಸು.

*

ಅವಳು: ಕೊನೆಯದಕ್ಕೆ ಬರೋಣ. ಕೊನೆಯ ಬಸ್ಸೂ ಹೋಗುತ್ತೆ. ಪಲ್ಲವಿಯ ಜಾಗದಲ್ಲಿ "ಇನ್ನು ಬಸ್ಸಿಲ್ಲ" ಅಂತ ಹಾಕಿದ್ದೀನಿ. ಬೇಕೆಂದೇ. ಟೆನಿಸನ್ನನ "ಮರಿಯಾನಾ" ನೆನಪಲ್ಲಿತ್ತು.

ಅವರು: ಒಳ್ಳೇ ಗುರುವನ್ನೇ ಹಿಡಿದಿದ್ದೀಯ. 1830ರ ಕವಿತೆ. ಷೇಕ್ಸ್‌ಪಿಯರನ "ಮೆಷರ್ ಫಾರ್ ಮೆಷರ್" ನಾಟಕದಲ್ಲಿ ಕೈಬಿಟ್ಟುಹೋದವನಿಗಾಗಿ ಹಂಬಲಿಸೋ ಹೆಣ್ಣು, ಅವಳನ್ನ ತಗೊಂಡು ಬರೆದದ್ದು. 7 ಪದ್ಯ, ಒಂದೊಂದಕ್ಕೆ 12 ಸಾಲು, ಪ್ರತಿಯೊಂದರ ಕೊನೆಯ 4 ಸಾಲು ಪಲ್ಲವಿ. ಇಲಿ, ನೊಣ, ಗಡಿಯಾರದ ಸದ್ದು ಇಂಥವೇ ತುಂಬಿವೆ, ಘಟನೆ ಅನ್ನೋದು ಇಲ್ಲವೇ ಇಲ್ಲ. ಅವನ ಪಲ್ಲವಿಯಲ್ಲಿ ಏನು ಬದಲಾಗುತ್ತೆ ಅಂತ ನೋಡಿದ್ದೀಯಾ?

ಅವಳು: ಬೇಸರ ಯಾವುದರ ಮೇಲೆ ಅನ್ನೋ ಪದ ಬದಲಾಗುತ್ತೆ. ಒಮ್ಮೆ ಬದುಕು, ಒಮ್ಮೆ ರಾತ್ರಿ, ಒಮ್ಮೆ ಹಗಲು. ಉಳಿದದ್ದು ಅಲ್ಲಾಡಲ್ಲ. ಕೊನೆಯ ಪದ್ಯದಲ್ಲಿ ಮಾತ್ರ ಅವನು ಬರ್ತಿಲ್ಲ ಅಂತಿದ್ದವಳು ಅವನು ಬರೋದೇ ಇಲ್ಲ ಅಂತಾಳೆ. ನನ್ನ "ಬಸ್ಸಿಲ್ಲ" ಕೂಡ ಅದೇ ಅಲ್ವಾ?

ಅವರು: ಮೇಲ್ನೋಟಕ್ಕೆ ಅದೇ. ಆದರೆ ಅವನು ಆರು ಸಲ ಹೆಚ್ಚುಕಮ್ಮಿ ಕಲ್ಲಿನ ಹಾಗೆ ಇಟ್ಟ ಪಲ್ಲವಿಯನ್ನ ಏಳನೇ ಸಲ ಒಂದಿಷ್ಟು ಅಲ್ಲಾಡಿಸಿದ. ಅದು ಅವಳಿಗೆ ಹೊಸ ಅರಿವು. ಓದುಗನಿಗೂ ಅಲ್ಲೇ ಧಸಕ್ ಅನ್ನುತ್ತೆ. ನಿನ್ನ ಕವಿತೆಯಲ್ಲಿ ಬಸ್ಸಿಲ್ಲ ಅನ್ನೋದು ಓದುಗನಿಗೆ ಮೊದಲೇ ಗೊತ್ತು, ಅವನೇ ಬೆರಳು ಮಡಚಿ ಎಣಿಸಿದ್ದಾನೆ. ಗೊತ್ತಿದ್ದದ್ದನ್ನ ಮತ್ತೆ ಹೇಳಿದರೆ ಷರಾ ಬರೆದ ಹಾಗಾಗುತ್ತೆ. ಇನ್ನೊಂದು ತೊಡಕು, "ಬಸ್ಸಿಲ್ಲ" ಅಂತ ಹೇಳ್ತಿರೋದು ಯಾರು? ಆ ಅಪ್ಪ ಹಾಗೆ ಹೇಳುವವನಾ?

ಅವಳು: ಇಲ್ಲ. ಅವನು ಹೇಳಲ್ಲ. ಸತ್ತರೂ ಹೇಳಲ್ಲ.

ಅವರು: ಹಾಗಾದರೆ ನೀನ್ಯಾಕೆ ಅವನ ಪರವಾಗಿ ಹೇಳ್ತೀಯ?

ಅವಳು: ಪಲ್ಲವಿಯನ್ನ ಹಾಗೇ ಇಟ್ಟುಬಿಡಲಾ? ಬಸ್ಸಿಲ್ಲದಿದ್ದರೂ "ಇನ್ನೊಂದು ಬಸ್ಸುಂಟು" ಅಂತ?

ಅವರು: ಅದೂ ಒಂದು ದಾರಿ. ಆಗ ಅವನು ಭ್ರಮೆಗೆ ಬಿದ್ದ ಅಂತಾಗುತ್ತೆ, ಅಥವಾ ನಾಳೆ ಬೆಳಗಿನ ಬಸ್ಸು ಅಂತಾಗುತ್ತೆ. ಎರಡೂ ಅವನನ್ನ ಸ್ವಲ್ಪ ಸಣ್ಣವನನ್ನಾಗಿ ಮಾಡ್ತವೆ ಅಂತ ನನಗನ್ನಿಸುತ್ತೆ. ನೀನು ಒಪ್ಪಬೇಕಾಗಿಲ್ಲ. ಇದನ್ನ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ನೋಡು. ಮೂರನೇ ಪದ್ಯದ ಹೊತ್ತಿಗೆ ಕೇಳುವವರ ತುಟಿ ಪಲ್ಲವಿಗೆ ಮುಂಚೆಯೇ ಅಲ್ಲಾಡೋಕೆ ಶುರುವಾಗುತ್ತೆ. ಅಷ್ಟು ಹೊತ್ತಿಗೆ ಆ ಸಾಲು ನಿನ್ನ ಕೈಬಿಟ್ಟು ಅವರದಾಗಿರುತ್ತೆ. ಅವರ ಬಾಯಲ್ಲಿ ಇರೋದನ್ನ ನೀನು ಪೂರ್ತಿ ಹೇಳಬೇಕಾ?

ಅವಳು: ಅರ್ಧಕ್ಕೆ ಬಿಡೋದಾ? ತಡೀರಿ, ಬರೀತೀನಿ.

ಕೊನೆಯದೂ ಹೋಯ್ತು, ಕೆಂದೀಪವೆರಡನು ತೋರಿ;
ಕಂಡಕ್ಟರನ ಸೀಟಿ ತಿರುವಿನಲ್ಲಿ;
ಕಲ್ಲುಬೆಂಚಿನ ಮೇಲೆ ಕೊಡೆ ಬಿಚ್ಚಿ ಕುಳಿತವನು —
ಇನ್ನೊಂದು

ಅವರು: ಮೊದಲ ಪದ್ಯದ ಮೂರನೇ ಸಾಲನ್ನ ಹಾಗೇ ತಂದು "ಮಡಿಸಿ" ಇದ್ದಲ್ಲಿ "ಬಿಚ್ಚಿ" ಇಟ್ಟೆ.

ಅವಳು: ಮಾತ್ರೆ ಅಷ್ಟೇ ಇದೆ, ಎಣಿಸಿದೆ. ಪಲ್ಲವಿ ತಪ್ಪಿಹೋಗುವ ಕಡೆ ಬೇರೆ ಏನಾದರೂ ಹಳೆಯದು ಕೈಗೆ ಸಿಗಬೇಕು ಅನ್ನಿಸಿತು. ಇಲ್ಲದಿದ್ದರೆ ಬರೀ ಮುರಿದ ಹಾಗೆ ಕಾಣುತ್ತೆ.

ಅವರು: ಸರಿಯಾಗಿ ಅನ್ನಿಸಿದೆ. ಒಂದು ಗಣ ಬಂತು, ಒಂದು ಬರಲಿಲ್ಲ. ಬಾರದ ಐದು ಮಾತ್ರೆಯನ್ನ ಓದುಗ ಒಳಗೊಳಗೇ ಹೇಳ್ತಾನೆ. ಬಸ್ಸು ಅಂತ ಹೇಳಿಕೊಂಡರೆ ಇಲ್ಲ ಅಂತ ಗೊತ್ತು. ಕೊಡೆ ಅಂತ ಹೇಳಿಕೊಂಡರೆ ಅದಂತೂ ಪಕ್ಕದಲ್ಲೇ ಉಂಟು.

ಅವಳು: ಅಯ್ಯೋ, ಅದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಕೊಡೆ!

ಅವರು: ಹೊಳೆದಿದ್ದರೆ ಹಾಳು ಮಾಡಿಬಿಡ್ತಿದ್ದೆ. ಈಗ ಸುಮ್ಮನಿರು.

ಅವಳು: "ಇನ್ನೊಂದು" ಆದಮೇಲೆ ಮೂರು ಚುಕ್ಕೆ ಹಾಕಲಾ?

ಅವರು: ಬೇಡ. ಚುಕ್ಕೆ ಇಟ್ಟರೆ ಇಲ್ಲಿ ನಿಟ್ಟುಸಿರು ಬಿಡಿ ಅಂತ ಓದುಗನಿಗೆ ಹೇಳಿಕೊಟ್ಟ ಹಾಗೆ. ಪೂರ್ಣವಿರಾಮವೂ ಬೇಡ. ಆದರೆ ಒಂದು ಅಪಾಯ ಇದೆ. ಹಾಡಿನ ಪುಸ್ತಕಗಳಲ್ಲಿ ಪಲ್ಲವಿಯನ್ನ ಪ್ರತಿ ಚರಣದ ಕೆಳಗೂ ಪೂರ್ತಿ ಅಚ್ಚು ಹಾಕಲ್ಲ, ಮೊದಲ ಪದ ಕೊಟ್ಟು ಬಿಡ್ತಾರೆ, ಉಳಿದದ್ದು ಹಾಡುವವನಿಗೆ ಗೊತ್ತು. ಆ ಅಭ್ಯಾಸ ಇದ್ದವರು ಇದನ್ನೂ ಹಾಗೇ ತಿಳೀತಾರೆ. ಪತ್ರಿಕೆಗೆ ಕಳಿಸುವಾಗ ಮೊದಲ ಮೂರು ಪದ್ಯದ ಕೆಳಗೆ ಪಲ್ಲವಿಯನ್ನ ಪೂರ್ತಿ ಬರಿ, ಎಲ್ಲೂ ಮೊಟಕು ಮಾಡಬೇಡ. ಕೊನೆಯದರ ಪಕ್ಕದಲ್ಲಿ "ಸಾಲು ಇಷ್ಟೇ" ಅಂತ ಷರಾ ಹಾಕು. ಇಲ್ಲದಿದ್ದರೆ ಯಾರಾದರೂ ಪುಣ್ಯಾತ್ಮರು ಕರಡು ತಿದ್ದುವಾಗ ನಿನ್ನ ಮೇಲೆ ಕನಿಕರಪಟ್ಟು ಬಸ್ಸನ್ನ ತಂದು ನಿಲ್ಲಿಸಿಬಿಡ್ತಾರೆ.